ಅಪ್ಪನ ಪ್ರೆಸ್ಸಿನ ಅಧ್ಯಾಯಕ್ಕೆ ಕಚ್ಚಾ ಕಾಲರೇಖೆ

ಇದು ಬರೀ ಗೀಚು, ಚೆಂದ ಆಮೇಲೆ ನೋಡಿಕೊಳ್ಳೋಣ. ಇಸವಿ ಗಟ್ಟಿ ಇಲ್ಲದ ಕಡೆ ‘ಸುಮಾರು’. ನಾನು ಕಾಣದೆ ಬೇರೆಯವರಿಂದ ಬಂದದ್ದಕ್ಕೆ ‘ಕೇಳಿದ್ದು’.

1971: ಬೆಟಗೇರಿಯಲ್ಲಿ ಹುಟ್ಟಿದೆ. ಅವ್ವನ ತವರಿನವರು ಮಗ್ಗದವರು. ಅಪ್ಪ ಗದಗಿನ ಒಂದು ಪ್ರೆಸ್ಸಿನಲ್ಲಿ ಕಂಪೋಜಿಟರ್. (ಕೇಳಿದ್ದು)

1973: ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಯಿತು. ನೆನಪಿಲ್ಲ, ಬಿಡಬಹುದು. ಆದರೆ ‘ಮೈಸೂರು ರಾಜ್ಯ’ ಅಂತ ಅಚ್ಚಾಗಿ ಉಳಿದಿದ್ದ ರಸೀದಿ ಹಾಳೆಗಳ ಹಿಂಬದಿಯಲ್ಲೇ ನಾನು ಅಕ್ಷರ ತಿದ್ದಿದ್ದು, ಸುಮಾರು 1976. ಇದನ್ನು ಇಟ್ಟುಕೊಳ್ಳಬೇಕು.

ಸುಮಾರು 1979–83: ಇಲ್ಲಿ ಸರಕು ಜಾಸ್ತಿ ಇದೆ. ರಜೆಯಲ್ಲಿ ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದೆ. ಇಡೀ ದಿನ ಕೇಸಿನ ಮುಂದೆ ನಿಂತೇ ಕೆಲಸ, ಎಡಗೈಯಲ್ಲಿ ಸ್ಟಿಕ್ಕು, ಬಲಗೈ ನೋಡದೆಯೇ ಖಾನೆಯಿಂದ ಖಾನೆಗೆ ಹೋಗಿ ಮೊಳೆ ಎತ್ತುತ್ತಿತ್ತು, ಅದೂ ಉಲ್ಟಾ ಅಕ್ಷರ. ಮೈಯೆಲ್ಲ ಸೀಮೆಎಣ್ಣೆ, ಮಸಿ. ಒತ್ತಕ್ಷರದ ಮೊಳೆ ಖಾಲಿಯಾದರೆ ಗಿರಾಕಿಗೆ ಹೇಳಿ ಪದವನ್ನೇ ಬದಲಿಸುತ್ತಿದ್ದರು! ಮನೆಯಲ್ಲಿ ಅವ್ವ, ನಾನು, ತಮ್ಮ ಫಾರ್ಮ್ ಮಡಚುತ್ತಿದ್ದೆವು. ಕೂಲಿ ಎಷ್ಟಿತ್ತು? ಅವ್ವನಿಗೆ ಗೊತ್ತಿರುತ್ತದೆ.

1984 ಅಕ್ಟೋಬರ್ 31: ಇಂದಿರಾ ಗಾಂಧಿ ಹತ್ಯೆ. ಅಪ್ಪ ಹೊತ್ತಿರುವಾಗಲೇ ಮನೆಗೆ ಬಂದದ್ದು ನನಗೆ ನೆನಪಿರುವಂತೆ ಅದೇ ಮೊದಲು.

1990: ನನ್ನ ಮದುವೆ, ಹುಬ್ಬಳ್ಳಿಗೆ. ಈ ಅಧ್ಯಾಯಕ್ಕೆ ಬೇಡ. ಪತ್ರಿಕೆ ಮಾತ್ರ ಬೇಕು, ಅಪ್ಪನೇ ಜೋಡಿಸಿದ್ದು. ಟ್ರಂಕಿನಲ್ಲಿದೆ, ಫೋಟೊ ತೆಗೆಯಬೇಕು.

1991–96: ಖಾಲಿ. ಹಬ್ಬಕ್ಕೆ ಬಂದು ಹೋಗುವವಳಿಗೆ ಏನು ಕಾಣುತ್ತದೆ? ಆಫ್‌ಸೆಟ್ ಬಂದದ್ದು ಈ ನಡುವೆಯೇ. ಮೊಳೆಗಳನ್ನೆಲ್ಲ ಸೀಸದ ತೂಕಕ್ಕೆ ಮಾರಿದರು ಅಂತ ತಮ್ಮ ಹೇಳುತ್ತಾನೆ. ಅವ್ವ ಅದನ್ನು ಒಪ್ಪುವುದಿಲ್ಲ, ಬೇರೆ ಊರಿನ ಪ್ರೆಸ್ಸಿಗೆ ಹೋದವು ಅನ್ನುತ್ತಾಳೆ. ಸದ್ಯ ಎರಡೂ ಇರಲಿ.

1997: ಗದಗ ಜಿಲ್ಲೆಯಾಯಿತು. ‘ಜಿ. ಧಾರವಾಡ’ ಅಂತಿದ್ದ ಲೆಟರ್‌ಹೆಡ್ಡು, ರಸೀದಿ ಪುಸ್ತಕ, ಬಿಲ್ ಪುಸ್ತಕ ಎಲ್ಲ ಹೊಸದಾಗಿ ಆಗಬೇಕಲ್ವಾ? ಪ್ರೆಸ್ಸಿಗೆ ಕೈತುಂಬ ಕೆಲಸ. ಅಪ್ಪನಿಗೆ ಜೋಡಿಸುವುದಕ್ಕೆ ಏನೂ ಇಲ್ಲ. ಕಂಪ್ಯೂಟರ್ ಹುಡುಗನ ಪಕ್ಕ ಸ್ಟೂಲಿನ ಮೇಲೆ ಕೂತು ಪ್ರೂಫ್ ನೋಡುತ್ತಿದ್ದರು, ಸಂಬಳ ಅರ್ಧ. ರಜೆಗೆ ಮಗನನ್ನು ಕರೆದುಕೊಂಡು ಹೋದಾಗ ನಾನೇ ಕಂಡದ್ದು. ಮಾತಿಲ್ಲ, ಬರೀ ಕೆಂಪು ಪೆನ್ನು. ಅಧ್ಯಾಯ ಇಲ್ಲಿಂದಲೇ ಶುರುವಾಗಬೇಕು ಅನ್ನಿಸುತ್ತಿದೆ. ಹುಟ್ಟಿನಿಂದ ಹಿಡಿದರೆ ಪ್ರೆಸ್ಸಿಗೆ ಬರುವಷ್ಟರಲ್ಲಿ ಓದುವವರು ಸುಸ್ತಾಗುತ್ತಾರೆ.

2010 ಸೆಪ್ಟೆಂಬರ್: ಪುಟ್ಟರಾಜ ಗವಾಯಿಗಳು ತೀರಿಕೊಂಡರು. ಊರ ತುಂಬ ಜನ. ಅಪ್ಪನ ಕಣ್ಣು ಆಗಲೇ ತೀರಾ ಮಂಜಾಗಿತ್ತು, ಹೊರಗೆ ಕಳಿಸಲಿಲ್ಲ, ಸಿಟ್ಟು ಮಾಡಿಕೊಂಡರು. ಅಂದರೆ ಪ್ರೂಫ್ ಕೆಲಸ ನಿಂತದ್ದು ಇದಕ್ಕೂ ಮೊದಲು.

ಮುಂದಿನದು ಬೇರೆ ಅಧ್ಯಾಯ.

ಭಾನುವಾರ ಮಷೀನ್ ಕಾಕಾನ ಮನೆಗೆ ಹೋಗಬೇಕು. ಅವನು ಟ್ರೆಡಲ್ ನಡೆಸಿದವನು, ಆಫ್‌ಸೆಟ್ ಬಂದ ಇಸವಿ ಅವನಿಗೆ ಗೊತ್ತು. ಕೇಸುಗಳು ಖಾಲಿಯಾದ ದಿನ ಅಪ್ಪ ಅಲ್ಲೇ ಇದ್ದರೋ, ರಜೆ ಹಾಕಿದ್ದರೋ? ಇದೊಂದು ತಿಳಿಯದೆ ಬರೆಯಲು ಕೂರುವುದಿಲ್ಲ.