ನನ್ನ ಹರಿಗೋಲಿನ ಫೋಟೊ ತೆಗೆದುಹಾಕಲು ನೋಟಿಸ್

ಗಂಗಾವತಿ, ಕೊಪ್ಪಳ ಜಿಲ್ಲೆ
3 ಮಾರ್ಚ್ 2025

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು

ವಿಷಯ: ಕೃತಿಸ್ವಾಮ್ಯ ಕಾಯ್ದೆ, 1957ರ ಕಲಂ 52(1)(ಸಿ) ಮತ್ತು ಕೃತಿಸ್ವಾಮ್ಯ ನಿಯಮಗಳು, 2013ರ ನಿಯಮ 75ರ ಅಡಿ ದೂರು.

ಮಾನ್ಯರೇ,

ನಿಮ್ಮ ವೆಬ್‌ಸೈಟಿನ 30718 ನಂಬರಿನ ಹೋಂಸ್ಟೇ ಜಾಹೀರಾತಿನಲ್ಲಿ ಮೇಲುಗಡೆ ಇರುವ ಮೊದಲನೇ ಫೋಟೊ ನನ್ನದು. ಹಾಕಿದವರು ನನ್ನನ್ನು ಒಂದು ಮಾತೂ ಕೇಳಿಲ್ಲ. ಅದನ್ನು ಕೂಡಲೇ ತೆಗೆದುಹಾಕಬೇಕು.

2025ರ ಜನವರಿ 12ರಂದು, ಬೆಳಿಗ್ಗೆ ಏಳರ ಹೊತ್ತಿಗೆ, ಆನೆಗೊಂದಿಯ ತುಂಗಭದ್ರಾ ದಡದಲ್ಲಿ ತೆಗೆದ ಚಿತ್ರ ಅದು. ಹಿರಿಯರೊಬ್ಬರು ಹರಿಗೋಲನ್ನು ತಲೆ ಮೇಲೆ ಬೋರಲು ಹೊತ್ತು ನೀರಿನ ಕಡೆ ನಡೆದಿದ್ದಾರೆ. ಹರಿಗೋಲಿನ ತಳಕ್ಕೆ ಗೊಬ್ಬರದ ಚೀಲದ ತೇಪೆ ಇದೆ, ಅದರ ಸುತ್ತ ಟಾರು ಒಂದು ಕಡೆ ಇಳಿದು ಒಣಗಿದೆ. ಆ ತೇಪೆ, ಆ ಟಾರಿನ ಗೆರೆ ಜಾಹೀರಾತಿನ ಫೋಟೊದಲ್ಲೂ ಹಾಗೇ ಕಾಣುತ್ತದೆ. ಇಲ್ಲದಿರುವುದು ಬಲಗಡೆ ಕೆಳಗಿದ್ದ ನನ್ನ ಹೆಸರು ಮಾತ್ರ. ಅಷ್ಟು ಭಾಗ ಕತ್ತರಿಸಿದ್ದಾರೆ.

ಕತ್ತರಿಸದ ಚಿತ್ರವನ್ನು ಈ ಮೇಲ್ ಜೊತೆ ಕಳಿಸಿದ್ದೇನೆ. ಕ್ಯಾಮೆರಾದ ಮೂಲ ಫೈಲ್ DSC_4127.NEF ಮತ್ತು ಅದರ ಹಿಂದೆ ಮುಂದೆ ತೆಗೆದ ಆರು ಚಿತ್ರಗಳೂ ನನ್ನ ಹತ್ತಿರ ಇವೆ. ಕೇಳಿದರೆ ತೋರಿಸುತ್ತೇನೆ. ಫೋಟೊ ತೆಗೆದವರೇ ಅದರ ಕರ್ತೃ ಎಂದು ಕಾಯ್ದೆ ಹೇಳುತ್ತದೆ, ಹಕ್ಕಿಗೆ ನೋಂದಣಿ ಕಡ್ಡಾಯವಲ್ಲ. ಇದನ್ನು ನಾನು ಯಾರಿಗೂ ಮಾರಿಲ್ಲ, ಬಳಸಲು ಅನುಮತಿಯನ್ನೂ ಕೊಟ್ಟಿಲ್ಲ. ಬಾಡಿಗೆ ಕೋಣೆಯ ಪ್ರಚಾರಕ್ಕೆ ಹಾಕಿಕೊಂಡಿರುವುದರಿಂದ ಕಲಂ 52ರ ಯಾವ ವಿನಾಯಿತಿಯೂ ಇದಕ್ಕೆ ಸಲ್ಲುವುದಿಲ್ಲ. ಹೆಸರು ಅಳಿಸಿದ್ದು ಕಲಂ 57ರಲ್ಲಿರುವ ಕರ್ತೃವಿನ ಹಕ್ಕಿಗೂ ಧಕ್ಕೆ.

ಇನ್ನೊಂದು ಮಾತು ಹೇಳಲೇಬೇಕು. ಆ ಹಿರಿಯರು ನನ್ನನ್ನು ನಂಬಿ ಫೋಟೊಗೆ ಒಪ್ಪಿದರು. ಒಂದು ಪ್ರಿಂಟ್ ಕೊಟ್ಟಿದ್ದೆ, ಮನೆಯ ಗೋಡೆಗೆ ಹಾಕಿಕೊಂಡಿದ್ದಾರೆ. ಜಾಹೀರಾತಿನಲ್ಲಿ ಅವರನ್ನು ‘ನಮ್ಮ ಹೋಂಸ್ಟೇ ಸಿಬ್ಬಂದಿ’ ಎಂದು ಬರೆದಿದ್ದಾರೆ. ಅವರು ಅಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಮಗ ಮೊಬೈಲಿನಲ್ಲಿ ತೋರಿಸಿದಾಗ ‘ಇದ್ಯಾಕೆ ಹಿಂಗ ಬರದಾರಪ್ಪ?’ ಎಂದು ನನ್ನನ್ನೇ ಕೇಳಿದರು. ನನಗೆ ತುಂಬಾ ನೋವಾಯಿತು.

ನಿಯಮ 75ರ ಪ್ರಕಾರ, ದೂರು ತಲುಪಿದ 36 ಗಂಟೆಯೊಳಗೆ ಈ ಫೋಟೊ ಯಾರಿಗೂ ಸಿಗದಂತೆ ಮಾಡಿ. ಇದರ ಸಣ್ಣ ಚಿತ್ರ ನಿಮ್ಮ ಹುಡುಕಾಟದ ಪುಟದಲ್ಲೂ ಬರುತ್ತಿದೆ, ಅದನ್ನೂ ತೆಗೆಯಿರಿ. ಹೆಸರು ಸೇರಿಸಿ ಮತ್ತೆ ಹಾಕುತ್ತೇವೆ ಎಂದರೆ ನನ್ನ ಒಪ್ಪಿಗೆ ಇಲ್ಲ.

ಈ ನೋಟಿಸ್ ನಿಮಗೆ ತಲುಪಿದ 21 ದಿನದೊಳಗೆ, ಫೋಟೊ ಹಾಕಿದವರ ಮೇಲೆ ಸಕ್ಷಮ ನ್ಯಾಯಾಲಯದಲ್ಲಿ ದಾವೆ ಹೂಡಿ, ಅದರ ಆದೇಶ ಹಾಜರುಪಡಿಸುತ್ತೇನೆ ಎಂದು ಈ ಮೂಲಕ ಮುಚ್ಚಳಿಕೆ ಕೊಡುತ್ತೇನೆ. ಕಲಂ 62ರಂತೆ ನಾನಿರುವ ಜಿಲ್ಲೆಯಲ್ಲೇ ದಾವೆ ಹಾಕಲು ಅವಕಾಶವಿದೆ, ಹಾಗಾಗಿ ಕೊಪ್ಪಳದಲ್ಲೇ ಹಾಕುತ್ತೇನೆ.

ಮೇಲೆ ಬರೆದದ್ದೆಲ್ಲ ನನಗೆ ತಿಳಿದಂತೆ ನಿಜ. ಫೋಟೊ ತೆಗೆದುಹಾಕಿದ ತಕ್ಷಣ ಇದೇ ಮೇಲ್‌ಗೆ ಉತ್ತರ ಬರೆಯಿರಿ. ಆ ಹಿರಿಯರ ಮನೆಗೆ ಹೋಗಿ ನಾನೇ ತಿಳಿಸಬೇಕಿದೆ.

ಇಂತಿ,
ಬಸವರಾಜ
ಫೋಟೊಗ್ರಾಫರ್, ಗಂಗಾವತಿ