ಜೂನ್ 14ರ ಖರೀದಿಗೆ ಎರಡು ಬಾರಿ ಕಡಿತವಾದ ಹಣದ ಮರುಪಾವತಿ ಕುರಿತು

ಮಾನ್ಯ ಗ್ರಾಹಕರೇ,

ತೀರ್ಥಹಳ್ಳಿಯ ನಮ್ಮ ಮಳಿಗೆಯಿಂದ ಜೂನ್ 14ರ ಶನಿವಾರ ಸಂಜೆ 7.40ರಿಂದ 9.15ರ ನಡುವೆ ನೀವು ಆರ್ಡರ್ ಮಾಡಿದ ಸಾಮಾನುಗಳಿಗೆ ನಿಮ್ಮ ಖಾತೆಯಿಂದ ಒಂದೇ ಮೊತ್ತ ಎರಡು ಬಾರಿ ಕಡಿತವಾಗಿದೆ. ಇದಕ್ಕಾಗಿ ಮನಃಪೂರ್ವಕವಾಗಿ ಕ್ಷಮೆ ಕೋರುತ್ತೇವೆ. ಹೆಚ್ಚುವರಿಯಾಗಿ ಬಂದಿರುವ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸುವ ಕೆಲಸ ಇಂದು, ಜೂನ್ 16ರ ಬೆಳಿಗ್ಗೆ, ಆರಂಭವಾಗಿದೆ. ಇದಕ್ಕಾಗಿ ನೀವು ಅರ್ಜಿ ಸಲ್ಲಿಸಬೇಕಾಗಿಲ್ಲ.

ಮಳೆಗೆ ನೆಟ್‌ವರ್ಕ್ ಹೋಗಿ ತಾವೇ ಎರಡು ಸಲ ಒತ್ತಿದೆವೇನೋ ಎಂದು ಹಲವರು ಸಂಕೋಚದಿಂದಲೇ ಕರೆ ಮಾಡಿ ಕೇಳಿದರು. ತಪ್ಪು ನಿಮ್ಮದಲ್ಲ. ಹಣ ಪಾವತಿಯನ್ನು ನಿರ್ವಹಿಸುವ ಗೇಟ್‌ವೇಯಿಂದ ಆ ಸಂಜೆ ‘ಹಣ ಸಂದಿದೆ’ ಎಂಬ ಉತ್ತರ ನಮ್ಮ ವ್ಯವಸ್ಥೆಗೆ ತಡವಾಗಿ ಬರುತ್ತಿತ್ತು. ಉತ್ತರ ಬಾರದಿದ್ದುದರಿಂದ ಮೊದಲ ಪಾವತಿ ವಿಫಲವಾಗಿದೆಯೆಂದು ಭಾವಿಸಿದ ನಮ್ಮ ವ್ಯವಸ್ಥೆ ಅದೇ ಆರ್ಡರ್‌ಗೆ ಇನ್ನೊಂದು ಪಾವತಿಯನ್ನು ತೆರೆಯಿತು. ಒಂದು ಆರ್ಡರ್ ಸಂಖ್ಯೆಗೆ ಒಂದೇ ಪಾವತಿಯನ್ನು ಸ್ವೀಕರಿಸುವ ತಡೆಯನ್ನು ನಾವು ಮೊದಲೇ ಅಳವಡಿಸಬೇಕಾಗಿತ್ತು. ಅದನ್ನು ಭಾನುವಾರ ಅಳವಡಿಸಿ ಪರೀಕ್ಷಿಸಿದ್ದೇವೆ.

ಯುಪಿಐ ಮೂಲಕ ಪಾವತಿಸಿದವರಿಗೆ ಜೂನ್ 19ರೊಳಗೆ ಹಣ ಮರಳುತ್ತದೆ. ಡೆಬಿಟ್ ಕಾರ್ಡ್, ಕ್ರೆಡಿಟ್ ಕಾರ್ಡ್ ಮತ್ತು ನೆಟ್ ಬ್ಯಾಂಕಿಂಗ್ ಬಳಸಿದವರ ಹಣ ಬ್ಯಾಂಕಿನ ಹಂತಗಳನ್ನು ದಾಟಿ ಬರಬೇಕಿರುವುದರಿಂದ ಏಳು ಕೆಲಸದ ದಿನಗಳು, ಅಂದರೆ ಜೂನ್ 25ರವರೆಗೆ, ಹಿಡಿಯಬಹುದು. ಕ್ರೆಡಿಟ್ ಕಾರ್ಡ್ ಆಗಿದ್ದಲ್ಲಿ ಮೊತ್ತ ನಿಮ್ಮ ಉಳಿತಾಯ ಖಾತೆಗೆ ಬರುವುದಿಲ್ಲ. ಕಾರ್ಡಿನ ಲೆಕ್ಕದಲ್ಲಿ ಜಮೆಯಾಗಿ ಕಾಣಿಸುತ್ತದೆ. ಆ ದಿನಾಂಕ ಕಳೆದರೂ ಹಣ ಬಾರದಿದ್ದರೆ ಈ ಪತ್ರಕ್ಕೇ ಉತ್ತರವಾಗಿ ಆರ್ಡರ್ ಸಂಖ್ಯೆ ಬರೆಯಿರಿ. ಬ್ಯಾಂಕಿನಲ್ಲಿ ತೋರಿಸಿ ವಿಚಾರಿಸಲು ಬೇಕಾದ ಮರುಪಾವತಿಯ ಉಲ್ಲೇಖ ಸಂಖ್ಯೆಯನ್ನು ಅದೇ ದಿನ ಕಳುಹಿಸುತ್ತೇವೆ. ಈಗಾಗಲೇ ಬ್ಯಾಂಕಿಗೆ ದೂರು ಕೊಟ್ಟಿದ್ದರೆ ದಯವಿಟ್ಟು ಅದನ್ನೂ ತಿಳಿಸಿ, ಎರಡು ಕಡೆಯ ಲೆಕ್ಕ ಗೋಜಲಾಗದಿರಲಿ.

ತಿಂಗಳ ಮಧ್ಯದಲ್ಲಿ ಕೈಯಲ್ಲಿದ್ದ ಹಣ ಹೀಗೆ ಹೋದರೆ ಸಾಲದ ಕಂತು ತಪ್ಪಬಹುದು, ಕನಿಷ್ಠ ಶಿಲ್ಕು ಉಳಿಯದೆ ಬ್ಯಾಂಕ್ ದಂಡ ಹಾಕಬಹುದು. ಹಾಗಾಗಿದ್ದರೆ ಖಾತೆಯ ವಿವರದಲ್ಲಿ ಆ ಶುಲ್ಕ ಕಾಣುವ ಪುಟವನ್ನು ಕಳುಹಿಸಿ. ಅದನ್ನು ನಾವೇ ಭರಿಸುತ್ತೇವೆ.

ಒಂದು ಎಚ್ಚರಿಕೆಯ ಮಾತು. ಮರುಪಾವತಿಯ ಹೆಸರಿನಲ್ಲಿ ಯಾರಾದರೂ ಕರೆ ಮಾಡಿ ಒಟಿಪಿ, ಯುಪಿಐ ಪಿನ್ ಕೇಳಿದರೆ ಅಥವಾ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಲು ಹೇಳಿದರೆ ಕೊಡಬೇಡಿ, ಮಾಡಬೇಡಿ. ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಯೇ ಇಲ್ಲ. ಅಕಸ್ಮಾತ್ ಮೋಸ ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೀವು ಆರ್ಡರ್ ಮಾಡಿದ ಜೇನುತುಪ್ಪ, ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿಗಳ ರವಾನೆಗೆ ಇದರಿಂದ ಅಡ್ಡಿಯಾಗಿಲ್ಲ. ಪ್ರತಿ ಆರ್ಡರ್‌ಗೂ ಒಂದೇ ಪೊಟ್ಟಣ ಇಂದು ಸಂಜೆ ಶಿವಮೊಗ್ಗಕ್ಕೆ ಹೊರಡುತ್ತದೆ.

ವಿಶ್ವಾಸದಿಂದ,
ವ್ಯವಸ್ಥಾಪಕರು, ಗ್ರಾಹಕ ವಿಭಾಗ
ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ
ಜೂನ್ 16, 2025