ಗಂಗಾವತಿಯ ಗದ್ದೆ, ಎರಡು ಅಡಮಾನ: ಪ್ರಶ್ನೆ ಮತ್ತು ಉತ್ತರ

ಪ್ರಶ್ನೆ: ಗಂಗಾವತಿಯ 'ಕ' ತನ್ನ ಭತ್ತದ ಗದ್ದೆಯನ್ನು ಸ್ವಾಧೀನ ಕೊಡದೆ 2019ರಲ್ಲಿ 'ಖ'ನಿಗೆ 5 ಲಕ್ಷಕ್ಕೆ ಅಡವಿಟ್ಟ. 'ಮೂರು ವರ್ಷದಲ್ಲಿ ತೀರಿಸದಿದ್ದರೆ ಗದ್ದೆ ನಿನ್ನದೇ' ಎಂಬ ಷರತ್ತಿತ್ತು. 2021ರಲ್ಲಿ ಅದನ್ನೇ 'ಗ'ನಿಗೆ 3 ಲಕ್ಷಕ್ಕೆ ಸ್ವಾಧೀನ ಸಮೇತ ಅಡವಿಟ್ಟ, ಬೆಳೆ ಬಡ್ಡಿಗೆ ಸಲ್ಲಬೇಕು. ಎರಡೂ ನೋಂದಣಿಯಾಗಿವೆ. ಹಕ್ಕುಗಳೇನು?

ಉತ್ತರ: ಆಸ್ತಿ ವರ್ಗಾವಣೆ ಅಧಿನಿಯಮ, 1882ರ ಕಲಂ 58ರಂತೆ ಸ್ವಾಧೀನ ಕೊಡದ 'ಖ'ನದು ಸಾದಾ ಅಡಮಾನ, ಸ್ವಾಧೀನ ಕೊಟ್ಟು ಬೆಳೆಯನ್ನು ಬಡ್ಡಿಗೆ ಬಿಟ್ಟ 'ಗ'ನದು ಭೋಗ್ಯ ಅಡಮಾನ. 'ಖ'ನದು ಷರತ್ತಿನ ಕ್ರಯದ ಅಡಮಾನ ಅಲ್ಲ, ಅದಕ್ಕೆ ಮೇಲ್ನೋಟಕ್ಕಾದರೂ ಮಾರಾಟ ಇರಬೇಕು, ಇಲ್ಲಿ ಅದಿಲ್ಲ.

ಈಗ ಮುಖ್ಯ ವಿಷಯ. ಆ ಷರತ್ತು ನಿಲ್ಲುವುದಿಲ್ಲ. ಒಮ್ಮೆ ಅಡಮಾನವಾದರೆ ಅದು ಯಾವತ್ತೂ ಅಡಮಾನವೇ, ಸಾಲ ತೀರಿಸಿ ಬಿಡಿಸಿಕೊಳ್ಳುವ ಕಲಂ 60ರ ಹಕ್ಕನ್ನು ಅದೇ ಪತ್ರದ ಒಂದು ಸಾಲು ಕಿತ್ತುಕೊಳ್ಳಲಾಗದು. ಕಷ್ಟದಲ್ಲಿರುವವನು ಏನು ಬರೆದುಕೊಟ್ಟರೂ ಸಹಿ ಹಾಕುತ್ತಾನೆ ಅಲ್ವಾ, ಅದಕ್ಕೇ ಈ ರಕ್ಷಣೆ. ಮೂರು ವರ್ಷ ದಾಟಿದರೂ 'ಕ' ಬಿಡಿಸಿಕೊಳ್ಳಬಹುದು. ಹಣ ಕೊಡಬೇಕಾದ ದಿನದಿಂದ 30 ವರ್ಷ ಕಾಲಮಿತಿ.

ಆದ್ಯತೆ: ಕಲಂ 48ರಂತೆ ಮೊದಲು ಬಂದವನಿಗೆ ಮೊದಲು. ಸ್ವಾಧೀನ ಇದೆ ಅಂತ 'ಗ' ಮುಂದೆ ಬರುವುದಿಲ್ಲ. ಗದ್ದೆ 7 ಲಕ್ಷಕ್ಕೆ ಹೋದರೆ, ಬಡ್ಡಿ ಬಿಟ್ಟು, 'ಖ'ನಿಗೆ 5, 'ಗ'ನಿಗೆ 2. 'ಖ' ವಂಚನೆ, ತಪ್ಪು ನಿರೂಪಣೆ ಅಥವಾ ಭಾರಿ ನಿರ್ಲಕ್ಷ್ಯದಿಂದ 'ಗ'ನನ್ನು ಸಾಲ ಕೊಡುವಂತೆ ಮಾಡಿದ್ದರೆ ಮಾತ್ರ ಕಲಂ 78ರಂತೆ ಹಿಂದೆ ಬೀಳುತ್ತಾನೆ. 'ಗ'ನಿಗೆ ಇನ್ನೊಂದು ದಾರಿ: ಕಲಂ 91ರಂತೆ 'ಖ'ನ ಸಾಲ ತೀರಿಸಿ, ಕಲಂ 92ರಂತೆ ಅವನ ಜಾಗದಲ್ಲಿ ನಿಲ್ಲಬಹುದು.